ಹದಿನೆಂಟು ವರ್ಷದ ಮಾತು, ಬಡ್ಡಿಯ ಏರಿಳಿತ

ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಬಡತನ ರೇಖೆಗಿಂತ ಕೆಳಗಿನ ಅನೇಕ ಕುಟುಂಬಗಳ ಟ್ರಂಕಿನಲ್ಲಿ ಒಂದು ಬಾಂಡ್ ಇದೆ. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದಾಗ, 2006ರಲ್ಲಿ, ಹುಟ್ಟಿದ ಭಾಗ್ಯಲಕ್ಷ್ಮಿ ಯೋಜನೆಯ ಬಾಂಡ್ ಅದು. 2008ರ ಪರಿಷ್ಕರಣೆಯ ನಂತರ ಮೊದಲ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ 19,300 ರೂಪಾಯಿಯನ್ನು ಜೀವ ವಿಮಾ ನಿಗಮದಲ್ಲಿ ಇಟ್ಟಿತು. ಮಗಳಿಗೆ ಹದಿನೆಂಟು ತುಂಬಿದಾಗ 1,00,097 ರೂಪಾಯಿ ಎಂಬುದು ಮಾತು.

ದಿನಾಂಕ ನಿಗದಿ, ಮೊತ್ತವೂ ನಿಗದಿ. ಬಡ್ಡಿ ದರ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಇಂಥ ಮಾತನ್ನು ಉಳಿಸಿಕೊಳ್ಳುವ ದಾರಿಯೊಂದನ್ನು 1952ರಲ್ಲಿ ಲಂಡನ್ನಿನ ಪ್ರುಡೆನ್ಷಿಯಲ್ ವಿಮಾ ಕಂಪೆನಿಯ ಗಣಿತಜ್ಞ ಫ್ರಾಂಕ್ ರೆಡಿಂಗ್ಟನ್ ತೋರಿಸಿದ. ಅದಕ್ಕೆ ಬಳಸಿದ ಹೆಸರು ರೋಗಕ್ಕೆ ಚುಚ್ಚುಮದ್ದು ಹಾಕುವ ಇಮ್ಯುನೈಸೇಷನ್!

ಹುಡುಗಿಗೆ ಎಂಟು ವರ್ಷ, ಹಣ ಕೊಡಲು ಇನ್ನು ಹತ್ತು ವರ್ಷ ಎನ್ನೋಣ. ಶೇ 8 ಬಡ್ಡಿಯ, ಹತ್ತು ವರ್ಷಕ್ಕೇ ತೀರುವ ಸಾಲಪತ್ರ ಕೊಂಡರೆ ಸಾಕೆಂದು ಯಾರಿಗಾದರೂ ತೋಚುತ್ತದೆ. ಸಾಲದು. ವರ್ಷವರ್ಷ ಬರುವ 8 ರೂಪಾಯಿಯನ್ನೂ ಶೇ 8ಕ್ಕೇ ತೊಡಗಿಸಿದರೆ 100 ರೂಪಾಯಿ ಹತ್ತು ವರ್ಷಕ್ಕೆ 215.90 ಆದೀತು. ಕೊಂಡ ಮರುದಿನವೇ ದರ ಶೇ 7ಕ್ಕೆ ಇಳಿದರೆ ಸಿಗುವುದು 210.50 ಮಾತ್ರ.

ಬದಲಿಗೆ ಹದಿನೆಂಟು ವರ್ಷದ ಸಾಲಪತ್ರ ಕೊಂಡು ಹತ್ತನೆಯ ವರ್ಷ ಮಾರೋಣ. ದರ ಶೇ 7ಕ್ಕೆ ಇಳಿದರೆ ಕೂಡಿದ ಬಡ್ಡಿ 110.50ಕ್ಕೆ ಕುಗ್ಗುತ್ತದೆ. ಆದರೆ ಹಳೆಯ ಶೇ 8ರ ಪತ್ರಕ್ಕೆ ಬೇಡಿಕೆ ಹೆಚ್ಚಿ ಅದು 106ಕ್ಕೆ ಮಾರುತ್ತದೆ, ಒಟ್ಟು 216.50. ದರ ಶೇ 9ಕ್ಕೆ ಏರಿದರೆ ಪತ್ರ 94.50ಕ್ಕೆ ಇಳಿದರೂ ಬಡ್ಡಿ 121.50 ಆಗಿರುತ್ತದೆ, ಒಟ್ಟು 216. ಒಂದು ಕೈಯಲ್ಲಿ ಹೋದದ್ದು ಇನ್ನೊಂದು ಕೈಗೆ ಬಂತು.

ಹದಿನೆಂಟೇ ಏಕೆ? ಬಡ್ಡಿಯ ಕಂತುಗಳು ಮೊದಲೇ ಬರುವುದರಿಂದ ಆ ಪತ್ರದ ಹಣಕ್ಕಾಗಿ ಸರಾಸರಿ ಕಾಯಬೇಕಾದ ಕಾಲ ಹತ್ತೇ ವರ್ಷ. ಪ್ರತಿ ಕಂತಿನ ಇಂದಿನ ಬೆಲೆಯನ್ನು ತೂಕವಾಗಿಟ್ಟು ತೆಗೆಯುವ ಈ ಸರಾಸರಿಗೆ 1938ರಲ್ಲಿ ಅಮೆರಿಕದ ಫ್ರೆಡರಿಕ್ ಮೆಕಾಲೆ ಡ್ಯುರೇಷನ್ ಎಂದು ಹೆಸರಿಟ್ಟಿದ್ದ. ಅದು ಹಣ ಕೊಡಬೇಕಾದ ದಿನಕ್ಕೆ ಹೊಂದಿರಬೇಕು, ಅಷ್ಟೇ.

ತೊಡಕು ತೊಟ್ಟಿಲ ಮಗುವಿನದು. ಮುಖಬೆಲೆಗೇ ಕೊಂಡ ಶೇ 8ರ ಸಾಲಪತ್ರ ಮೂವತ್ತು ವರ್ಷದ್ದಾದರೂ ಅದರ ಸರಾಸರಿ ಅವಧಿ ಹನ್ನೆರಡು ವರ್ಷ ಚಿಲ್ಲರೆ. ಎಂದೂ ತೀರದ ಪತ್ರಕ್ಕೂ ಹದಿಮೂರೂವರೆ ದಾಟದು. ಹದಿನೆಂಟು ವರ್ಷದ ಮಾತಿಗೆ ನಡುವೆ ಬಡ್ಡಿಯೇ ಇಲ್ಲದ, ಕೊನೆಗೊಮ್ಮೆ ಹಣ ಕೊಡುವ ಪತ್ರ ಬೇಕು. ಸರ್ಕಾರಿ ಸಾಲಪತ್ರದ ಅಸಲು, ಬಡ್ಡಿಗಳನ್ನು ಬೇರ್ಪಡಿಸಿ ಮಾರುವ ವ್ಯವಸ್ಥೆ ಭಾರತದಲ್ಲಿ ಆರಂಭವಾದದ್ದು 2010ರಲ್ಲಿ.

ಒಮ್ಮೆ ಹೊಂದಿಸಿಟ್ಟು ಮರೆಯುವಂತೆಯೂ ಇಲ್ಲ. ಒಂದು ವರ್ಷ ಕಳೆದರೆ ಹುಡುಗಿಯ ದಿನ ಒಂದು ವರ್ಷ ಹತ್ತಿರವಾಗುತ್ತದೆ; ಸಾಲಪತ್ರದ ಸರಾಸರಿ ಅವಧಿ ಅಷ್ಟು ಬೇಗ ಇಳಿಯುವುದಿಲ್ಲ. ಆಗಾಗ ದೀರ್ಘ ಪತ್ರಗಳನ್ನು ಮಾರಿ ಗಿಡ್ಡ ಪತ್ರಗಳನ್ನು ಕೊಳ್ಳುತ್ತಿರಬೇಕು. ಅಲ್ಲದೆ ಅಲ್ಪಾವಧಿ, ದೀರ್ಘಾವಧಿ ದರಗಳು ಒಟ್ಟಿಗೇ ಏರಿ ಇಳಿಯುತ್ತವೆಂದು ರೆಡಿಂಗ್ಟನ್ ಎಣಿಸಿದ್ದ. ಒಂದು ಏರಿ ಇನ್ನೊಂದು ಇಳಿದ ವರ್ಷ ಈ ಚುಚ್ಚುಮದ್ದು ಪೂರ್ತಿ ನಾಟುವುದಿಲ್ಲ.