ಎಸಿಇ ಪ್ರತಿಬಂಧಕಗಳು ಮತ್ತು ಒಣಕೆಮ್ಮು: ಒಂದು ಚಾರಿತ್ರಿಕ ಪರಿಶೀಲನೆ

1940ರ ದಶಕದ ಕೊನೆಯಲ್ಲಿ ಬ್ರೆಜಿಲಿನ ಸಾವೊ ಪಾಲೊ ನಗರದಲ್ಲಿ ರೋಚಾ ಎ ಸಿಲ್ವ ಮತ್ತು ಸಂಗಡಿಗರು ಜರರಾಕಾ ಎಂಬ ಮಂಡಲದ ಜಾತಿಯ ಹಾವಿನ ವಿಷವನ್ನು ಪರೀಕ್ಷಿಸುವಾಗ, ಆ ವಿಷ ರಕ್ತದೊಡನೆ ಬೆರೆತಾಗ ರಕ್ತನಾಳಗಳನ್ನು ಹಿಗ್ಗಿಸಿ ಒತ್ತಡವನ್ನು ಇಳಿಸುವ ಒಂದು ವಸ್ತು ಹುಟ್ಟುವುದನ್ನು ಕಂಡು, ಅದಕ್ಕೆ ಬ್ರಾಡಿಕೈನಿನ್ ಎಂದು ಹೆಸರಿಟ್ಟರು. 1965ರಲ್ಲಿ ಸೆರ್ಜಿಯೊ ಫೆರೇರಾ ಅದೇ ವಿಷದಲ್ಲಿ ಬ್ರಾಡಿಕೈನಿನ್ನಿನ ಪ್ರಭಾವವನ್ನು ಹೆಚ್ಚಿಸುವ ಅಂಶವೂ ಇದೆಯೆಂದು ತೋರಿಸಿದರು. ಆ ಅಂಶ ಲಂಡನ್ನಿನಲ್ಲಿ ಜಾನ್ ವೇನ್ ಅವರ ಪ್ರಯೋಗಾಲಯವನ್ನು ತಲುಪಿದ ಮೇಲೆ, ಅದು ಎಸಿಇ ಎಂಬ ಕಿಣ್ವವನ್ನು ತಡೆಯುತ್ತದೆಂಬುದು ಸ್ಪಷ್ಟವಾಯಿತು.

ಈ ಕಿಣ್ವಕ್ಕೆ ಎರಡು ಕೆಲಸಗಳಿವೆ: ರಕ್ತನಾಳಗಳನ್ನು ಬಿಗಿಗೊಳಿಸುವ ಆಂಜಿಯೊಟೆನ್ಸಿನ್-2 ಅನ್ನು ತಯಾರಿಸುವುದು ಒಂದಾದರೆ, ಬ್ರಾಡಿಕೈನಿನ್ನನ್ನು ಒಡೆದುಹಾಕುವುದು ಇನ್ನೊಂದು. ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಇದೇ ಕಿಣ್ವವನ್ನು ಗುರಿಯಾಗಿಸಿ ರೂಪಿಸಿದ ಕ್ಯಾಪ್ಟೊಪ್ರಿಲ್ ಮಾತ್ರೆಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆರಂಭದ ದೊಡ್ಡ ಪ್ರಮಾಣಗಳಲ್ಲಿ ಮೈಮೇಲೆ ದದ್ದು ಏಳುವುದು, ನಾಲಿಗೆಯ ರುಚಿ ಕೆಡುವುದು ಕಂಡುಬಂದದ್ದಕ್ಕೆ ಅಣುವಿನಲ್ಲಿದ್ದ ಗಂಧಕದ ಗುಂಪು ಕಾರಣವೆಂದು ಭಾವಿಸಿ, ಅದಿಲ್ಲದ ಎನಲಾಪ್ರಿಲ್ಲನ್ನು ತಯಾರಿಸಲಾಯಿತು. ಆದರೆ ಈ ಔಷಧಗಳಿಂದ ಬರುವ ಒಣಕೆಮ್ಮು ಹೋಗಲಿಲ್ಲ. ಕಿಣ್ವವನ್ನು ತಡೆದ ಮೇಲೆ ಒಡೆಯದೆ ಉಳಿದ ಬ್ರಾಡಿಕೈನಿನ್ ಶ್ವಾಸನಾಳದ ನರಗಳನ್ನು ಕೆರಳಿಸುವುದೇ ಅದರ ಮುಖ್ಯ ಕಾರಣವೆಂದು ಇಂದು ತಿಳಿಯಲಾಗಿದೆ. ಔಷಧದ ಶೋಧಕ್ಕೆ ದಾರಿ ತೋರಿದ ವಸ್ತುವೇ ಅದರ ಉಪದ್ರವಕ್ಕೂ ಮೂಲವೆಂಬುದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಪಟ್ಟಿಗಳು ಮರೆಸಿಬಿಡುತ್ತವೆ.

ಸಕ್ಕರೆ ಕಾಯಿಲೆಯೊಡನೆ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿರುವ, 152/94 ರಕ್ತದೊತ್ತಡವುಳ್ಳ ರೋಗಿಗೆ ಯಾವ ಔಷಧ ಎಂಬ ಪ್ರಶ್ನೆಗೆ ಎಸಿಇ ಪ್ರತಿಬಂಧಕಗಳೇ ಉತ್ತರವಾಗುವುದೇಕೆ? ಆಂಜಿಯೊಟೆನ್ಸಿನ್-2 ಮೂತ್ರಪಿಂಡದ ಸೋಸುಗಂಟಿನಿಂದ ರಕ್ತ ಹೊರಹೋಗುವ ಕಿರುನಾಳವನ್ನು ಹೆಚ್ಚಾಗಿ ಬಿಗಿಹಿಡಿಯುತ್ತದೆ. ಅದು ಕಡಿಮೆಯಾದಾಗ ನಾಳ ಸಡಿಲಗೊಂಡು, ಒಳಗಿನ ಒತ್ತಡ ಇಳಿದು, ಆಲ್ಬುಮಿನ್ ಸೋರಿಕೆ ತಗ್ಗುತ್ತದೆ. 1993ರಲ್ಲಿ ಪ್ರಕಟವಾದ, ಮೊದಲ ಬಗೆಯ ಸಕ್ಕರೆ ಕಾಯಿಲೆಯ 409 ರೋಗಿಗಳ ಅಧ್ಯಯನದಲ್ಲಿ, ರಕ್ತದ ಕ್ರಿಯಾಟಿನಿನ್ ದುಪ್ಪಟ್ಟಾಗುವ ಅಪಾಯ ಕ್ಯಾಪ್ಟೊಪ್ರಿಲ್ ಪಡೆದವರಲ್ಲಿ ಸುಮಾರು ಅರ್ಧದಷ್ಟಕ್ಕೆ ಇಳಿದಿತ್ತು.

ಇದೇ ರೋಗಿಗೆ ಕೆಲವು ವಾರಗಳ ನಂತರ ಕಫವಿಲ್ಲದ ಕೆಮ್ಮು ಶುರುವಾಗಿ, ಜ್ವರವಾಗಲಿ ಕಾಲೂತವಾಗಲಿ ಇಲ್ಲದಿದ್ದರೆ, ಕೆಮ್ಮಿನ ಸಿರಪ್ಪು ಕೊಡುವುದಕ್ಕಿಂತ ಔಷಧವನ್ನೇ ಬದಲಿಸಿ ಲೊಸಾರ್ಟನ್ ಕೊಡುವುದು ಸರಿ. ಅದು ಕಿಣ್ವವನ್ನು ಮುಟ್ಟದೆ ಆಂಜಿಯೊಟೆನ್ಸಿನ್-2 ಅಂಟಿಕೊಳ್ಳುವ ಗ್ರಾಹಕವನ್ನಷ್ಟೇ ತಡೆಯುವುದರಿಂದ ಬ್ರಾಡಿಕೈನಿನ್ ಎಂದಿನಂತೆ ಒಡೆಯುತ್ತದೆ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುವುದು, ಎರಡೂ ಮೂತ್ರಪಿಂಡಗಳ ಧಮನಿಗಳು ಕಿರಿದಾಗಿರುವವರಲ್ಲಿ ಕ್ರಿಯಾಟಿನಿನ್ ಥಟ್ಟನೆ ಏರುವುದು, ಗರ್ಭದಲ್ಲಿರುವ ಶಿಶುವಿಗೆ ಹಾನಿಯಾಗುವುದು ಇವೆಲ್ಲ ಆಂಜಿಯೊಟೆನ್ಸಿನ್ನಿನ ಕೆಲಸ ನಿಂತದ್ದರ ಫಲವಾದ್ದರಿಂದ, ಲೊಸಾರ್ಟನ್ನಿಗೆ ಬದಲಾದರೂ ಹಾಗೆಯೇ ಉಳಿಯುತ್ತವೆ.