ಕೊರ್ಸಕಾಫ್ ಸಿಂಡ್ರೋಮ್

ಕೊರ್ಸಕಾಫ್ ಸಿಂಡ್ರೋಮ್ ಎಂಬುದು ಥಯಾಮಿನ್ (ವಿಟಮಿನ್ ಬಿ೧) ಕೊರತೆಯಿಂದ ಮೆದುಳಿಗೆ ಹಾನಿಯಾಗಿ ಉಂಟಾಗುವ ಸ್ಮೃತಿನಾಶದ ಕಾಯಿಲೆ. ಹಲವು ವರ್ಷಗಳ ಕಾಲ ವಿಪರೀತ ಮದ್ಯಪಾನ ಮಾಡಿದವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ರೋಗಿಯು ಹೊಸ ಸಂಗತಿಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳಲಾರನು. ನೆನಪು ಬರಿದಾದ ಜಾಗವನ್ನು ಅರಿವಿಲ್ಲದೆಯೇ ನಡೆಯದ ಸಂಗತಿಗಳಿಂದ ತುಂಬುತ್ತಾನೆ. ರಷ್ಯಾದ ಮನೋವೈದ್ಯ ಸೆರ್ಗೆಯ್ ಕೊರ್ಸಕಾಫ್ ೧೮೮೭ರಿಂದ ಪ್ರಕಟಿಸಿದ ಲೇಖನಗಳಲ್ಲಿ ಇದನ್ನು ವಿವರಿಸಿದ ಕಾರಣ ಈ ಹೆಸರು ಬಂದಿದೆ.

ಕಾರಣ

ಮೆದುಳಿನ ಜೀವಕೋಶಗಳು ಗ್ಲೂಕೋಸಿನಿಂದ ಶಕ್ತಿಯನ್ನು ಪಡೆಯಲು ಥಯಾಮಿನ್ ಅವಶ್ಯಕ. ದೇಹದಲ್ಲಿ ಇದರ ಸಂಗ್ರಹ ಸುಮಾರು ೩೦ ಮಿಲಿಗ್ರಾಂ ಮಾತ್ರ. ಆಹಾರದಿಂದ ಪೂರೈಕೆ ನಿಂತರೆ ಕೆಲವೇ ವಾರಗಳಲ್ಲಿ ಅದು ಬರಿದಾಗುತ್ತದೆ. ರಾಗಿ, ಬೇಳೆಕಾಳು ಮತ್ತು ಕಡಲೆಕಾಯಿಗಳಲ್ಲಿ ಥಯಾಮಿನ್ ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಬಹಳ ಕಡಿಮೆ. ಮದ್ಯವ್ಯಸನಿಯು ಊಟವನ್ನೇ ಕಡಿಮೆ ಮಾಡುತ್ತಾನೆ, ಪದೇ ಪದೇ ವಾಂತಿ ಮಾಡುತ್ತಾನೆ. ಇದರ ಜೊತೆಗೆ ಮದ್ಯವು ಕರುಳಿನಲ್ಲಿ ಥಯಾಮಿನ್ ಹೀರಿಕೆಯನ್ನೂ ಯಕೃತ್ತಿನಲ್ಲಿ ಅದರ ಸಂಗ್ರಹವನ್ನೂ ತಗ್ಗಿಸುತ್ತದೆ. ಕೊರತೆಯಿಂದ ಮೆದುಳಿನ ಒಳಭಾಗದ ಥಲಾಮಸ್ ಮತ್ತು ಮ್ಯಾಮಿಲರಿ ಕಾಯಗಳು ಹಾನಿಗೊಳ್ಳುತ್ತವೆ. ಹೊಸ ಅನುಭವವು ಸ್ಥಿರವಾದ ನೆನಪಾಗುವುದು ಇವುಗಳ ಮೂಲಕವೇ.

ಮೊದಲ ಹಂತ

ಈ ಕಾಯಿಲೆಗೆ ಮುಂಚೆ ಬಹುಪಾಲು ವೆರ್ನಿಕೆ ಎನ್ಸೆಫಲೋಪತಿ ಎಂಬ ತೀವ್ರ ಸ್ಥಿತಿ ತಲೆದೋರುತ್ತದೆ. ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಇದನ್ನು ೧೮೮೧ರಲ್ಲಿ ವಿವರಿಸಿದನು. ಗೊಂದಲ, ತೂರಾಡುವ ನಡಿಗೆ ಮತ್ತು ಕಣ್ಣುಗುಡ್ಡೆಗಳ ಅದುರುವಿಕೆ ಅಥವಾ ಚಲನೆಯ ಲೋಪ ಇದರ ಲಕ್ಷಣಗಳು. ಮೂರೂ ಒಟ್ಟಿಗೆ ಕಾಣುವುದು ಅಪರೂಪ. ಇವು ಅಮಲಿನ ಲಕ್ಷಣಗಳನ್ನೇ ಹೋಲುವುದರಿಂದ ಮನೆಯವರು ‘ಕುಡಿದಿದ್ದಾನೆ’ ಎಂದು ಮಲಗಿಸಿಬಿಡುವುದುಂಟು. ಆದರೆ ಅಮಲು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಕುಡಿತ ನಿಂತು ಒಂದು ದಿನ ಕಳೆದ ಮೇಲೂ ಗೊಂದಲ ಮತ್ತು ತೂರಾಟ ಉಳಿದಿದ್ದರೆ ಅದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ.

ಸ್ಮೃತಿನಾಶದ ಸ್ವರೂಪ

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಹಳೇಬೀಡಿನ ಒಬ್ಬ ವ್ಯಕ್ತಿ ಇಪ್ಪತ್ತು ವರ್ಷ ಅರಸೀಕೆರೆಗೆ ತೆಂಗಿನಕಾಯಿ ಸಾಗಿಸುವ ಲಾರಿ ನಡೆಸಿದ್ದಾನೆ; ಅಷ್ಟೇ ಕಾಲ ನಿತ್ಯ ಕುಡಿದಿದ್ದಾನೆ. ಹತ್ತು ದಿನ ಊಟ ಸೇರದೆ ವಾಂತಿಯಾಗಿ, ಗೊಂದಲಗೊಂಡ ಸ್ಥಿತಿಯಲ್ಲಿ ತಡವಾಗಿ ಹಾಸನದ ಆಸ್ಪತ್ರೆಗೆ ಸೇರುತ್ತಾನೆ. ಮೂರು ವಾರಗಳ ನಂತರ ಅವನು ಎಚ್ಚರವಾಗಿದ್ದಾನೆ, ಮಾತು ಸ್ಪಷ್ಟವಾಗಿದೆ. ವೈದ್ಯರು ‘ಹೂವು, ಕಲ್ಲು, ಬಂಡಿ’ ಎಂದರೆ ಒಡನೆಯೇ ಸರಿಯಾಗಿ ಹೇಳುತ್ತಾನೆ. ಐದು ನಿಮಿಷದ ನಂತರ ಆ ಪದಗಳಷ್ಟೇ ಅಲ್ಲ, ಪದಗಳನ್ನು ಹೇಳಿಕೊಟ್ಟದ್ದೂ ನೆನಪಿರುವುದಿಲ್ಲ. ಬೆಳಿಗ್ಗೆ ಏನು ಮಾಡಿದೆ ಎಂದು ಕೇಳಿದರೆ, ‘ಅರಸೀಕೆರೆಗೆ ಲೋಡು ಹಾಕಿಕೊಂಡು ಹೋಗಿ ಈಗಷ್ಟೇ ಬಂದೆ’ ಎನ್ನುತ್ತಾನೆ.

ಇದನ್ನು ಕಾನ್‌ಫ್ಯಾಬ್ಯುಲೇಷನ್ ಎನ್ನುತ್ತಾರೆ. ಇದು ಸುಳ್ಳಲ್ಲ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ, ಇವನಿಗೆ ಗೊತ್ತಿಲ್ಲ. ಮೋಸಗೊಳಿಸುವ ಉದ್ದೇಶವೂ ಇಲ್ಲ. ಇಂತಹ ಹೇಳಿಕೆಯು ಹಲವು ಬಾರಿ ಹಿಂದೆ ನಿಜವಾಗಿ ನಡೆದ ಸಂಗತಿಯೇ ಆಗಿದ್ದು, ಕಾಲ ಮಾತ್ರ ತಪ್ಪಿರುತ್ತದೆ. ಹಳೆಯ ನೆನಪುಗಳು ಹೆಚ್ಚು ಉಳಿದು, ಇತ್ತೀಚಿನ ವರ್ಷಗಳವು ಹೆಚ್ಚು ಅಳಿಯುತ್ತವೆ. ಆ ವ್ಯಕ್ತಿಗೆ ಅಣ್ಣನ ಮದುವೆ ನೆನಪಿದೆ. ಕಳೆದ ವರ್ಷ ಅಣ್ಣ ತೀರಿಕೊಂಡದ್ದು ನೆನಪಿಲ್ಲ. ಹೇಳಿದಾಗಲೆಲ್ಲ ಅವನಿಗೆ ಅದು ಹೊಸ ಸಾವು. ಆದಕಾರಣ ರೋಗಿಯ ತಪ್ಪನ್ನು ಪ್ರತಿ ಬಾರಿಯೂ ವಾದಿಸಿ ತಿದ್ದುವುದರಿಂದ ಪ್ರಯೋಜನವಿಲ್ಲ.

ಅರಿವಿಗೆ ಬಾರದ ಕಲಿಕೆ ಮಾತ್ರ ಸ್ವಲ್ಪಮಟ್ಟಿಗೆ ಉಳಿದಿರುತ್ತದೆ. ೧೯೧೧ರಲ್ಲಿ ಜಿನೀವಾದ ಮನೋವಿಜ್ಞಾನಿ ಎದುವಾರ್ ಕ್ಲಾಪರೆದ್ ಇಂತಹ ಮಹಿಳೆಯೊಬ್ಬಳ ಕೈಯನ್ನು ಬೆರಳುಗಳ ನಡುವೆ ಅಡಗಿಸಿದ ಪಿನ್ನಿನಿಂದ ಚುಚ್ಚಿದ ಪ್ರಸಂಗವನ್ನು ವರದಿ ಮಾಡಿದನು. ಆಕೆ ಚುಚ್ಚಿದ್ದನ್ನು ಮರೆತಳು. ಆದರೂ ಅವನು ಮತ್ತೆ ಕೈ ಚಾಚಿದಾಗ ತನ್ನ ಕೈಯನ್ನು ಹಿಂದೆಗೆದುಕೊಂಡಳು. ದಿನವೂ ಒಂದೇ ಕ್ರಮ, ಒಂದೇ ಜಾಗದ ವಸ್ತುಗಳು ಮತ್ತು ಗೋಡೆಯ ಮೇಲಿನ ಬರಹಗಳಿಂದ ರೋಗಿಗೆ ನೆರವಾಗುವುದು ಈ ಶಕ್ತಿಯನ್ನು ಅವಲಂಬಿಸಿಯೇ.

ಚಿಕಿತ್ಸೆ ಮತ್ತು ಮಿತಿ

ವೆರ್ನಿಕೆ ಹಂತದ ಸಂಶಯ ಬಂದಾಗಲೇ, ಪರೀಕ್ಷೆಗಳ ಫಲಿತಾಂಶಕ್ಕೆ ಕಾಯದೆ, ಥಯಾಮಿನ್ನನ್ನು ರಕ್ತನಾಳದ ಮೂಲಕ ಕೊಡಬೇಕು. ರೂಢಿಯಲ್ಲಿರುವ ಒಂದು ಪ್ರಮಾಣ ೫೦೦ ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ, ಎರಡು ಮೂರು ದಿನ; ಬಳಿಕ ಕಡಿಮೆ ಪ್ರಮಾಣ. ಒಂದು ಬಾರಿಗೆ ಕರುಳು ಹೀರಿಕೊಳ್ಳುವುದು ಕೆಲವೇ ಮಿಲಿಗ್ರಾಂ ಆದ್ದರಿಂದ ಈ ಹಂತದಲ್ಲಿ ಮಾತ್ರೆ ಸಾಲದು. ಥಯಾಮಿನ್ ಇಲ್ಲದೆ ಗ್ಲೂಕೋಸ್ ಡ್ರಿಪ್ ಮಾತ್ರ ಕೊಟ್ಟರೆ ಉಳಿದಿರುವ ಥಯಾಮಿನ್ ಕೂಡ ಖರ್ಚಾಗಿ ಸ್ಥಿತಿ ಹದಗೆಡಬಹುದು.

ಕಣ್ಣಿನ ದೋಷ ಬೇಗ ಗುಣವಾಗುತ್ತದೆ, ನಡಿಗೆ ನಿಧಾನವಾಗಿ ಸುಧಾರಿಸುತ್ತದೆ. ಸ್ಮೃತಿನಾಶ ಒಮ್ಮೆ ನೆಲೆಗೊಂಡರೆ ಕೆಲವರಲ್ಲಿ ಮಾತ್ರ ಪೂರ್ಣವಾಗಿ ಗುಣವಾಗುತ್ತದೆ. ಹಲವರಲ್ಲಿ ತಿಂಗಳುಗಳ ಕಾಲ ಅಲ್ಪಸ್ವಲ್ಪ ಸುಧಾರಣೆ ಕಾಣುತ್ತದೆ. ಉಳಿದವರಿಗೆ ಜೀವನಪೂರ್ತಿ ಆರೈಕೆ ಬೇಕು. ಆದರೆ ಆಲ್‌ಝೈಮರ್ ಕಾಯಿಲೆಯಂತೆ ಇದು ಅನಿವಾರ್ಯವಾಗಿ ಉಲ್ಬಣಿಸುವುದಿಲ್ಲ. ಕುಡಿತ ನಿಂತು ಪೌಷ್ಟಿಕ ಆಹಾರ ದೊರೆತರೆ ಹಾನಿ ಅಲ್ಲಿಗೇ ನಿಲ್ಲಬಹುದು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ ೧೪೪೧೬.