ಗಂಟು ಎಣಿಸಿ ಅಳೆದ ವೇಗ

ಹಡಗಿನ ವೇಗವನ್ನೂ ವಿಮಾನದ ವೇಗವನ್ನೂ ‘ನಾಟ್’ಗಳಲ್ಲಿ ಹೇಳುತ್ತಾರೆ. ನಾಟ್ ಎಂದರೆ ಗಂಟು. ಗೆಳೆಯರೇ, ಅದು ಮೊದಲು ನಿಜವಾದ ಹಗ್ಗದ ಗಂಟೇ ಆಗಿತ್ತು.

ಹಾಯಿಹಡಗಿನ ನಾವಿಕರು ಒಂದು ಅಂಚಿಗೆ ಸೀಸ ಜಡಿದ ಹಲಗೆಯನ್ನು ಹಗ್ಗಕ್ಕೆ ಕಟ್ಟಿ, ಹಡಗಿನ ಹಿಂಬದಿಯಿಂದ ನೀರಿಗೆ ಬಿಡುತ್ತಿದ್ದರು. ಹಲಗೆ ನೀರಿನಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತಿತ್ತು. ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಆರು ಗಂಟು ಕೈಯಿಂದ ಜಾರಿದರೆ ವೇಗ ಆರು ನಾಟ್, ಅಂದರೆ ಗಂಟೆಗೆ ಆರು ನಾವಿಕ ಮೈಲಿ.

ಗಂಟುಗಳ ನಡುವಿನ ಅಂತರ ಎಷ್ಟಿರಬೇಕು? ನಾವಿಕ ಮೈಲಿ ಎಂದರೆ ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಇಂಗ್ಲಿಷ್ ನಾವಿಕರು ಅದನ್ನು 5000 ಅಡಿ ಎಂದುಕೊಂಡು, 30 ಸೆಕೆಂಡಿನ ಗಡಿಯಾರಕ್ಕೆ 42 ಅಡಿಗೊಂದು ಗಂಟು ಹಾಕುತ್ತಿದ್ದರು. ರಿಚರ್ಡ್ ನಾರ್ವುಡ್ ಲಂಡನ್ನಿನಿಂದ ಯಾರ್ಕ್‌ವರೆಗಿನ ನೆಲವನ್ನು ಅಳೆದು, ಮೈಲಿ ಸುಮಾರು 6120 ಅಡಿ ಎಂದು 1637ರಲ್ಲಿ ಪ್ರಕಟಿಸಿದರು. ಗಂಟುಗಳು ತೀರಾ ಹತ್ತಿರ ಇದ್ದವು. ಹಡಗು ನಿಜಕ್ಕಿಂತ ಹೆಚ್ಚು ದೂರ ಹೋದಂತೆ ಲೆಕ್ಕ ತೋರುತ್ತಿತ್ತು. ಮುಂದೆ 28 ಸೆಕೆಂಡಿಗೆ 47 ಅಡಿ 3 ಅಂಗುಲದ ಅಂತರ ರೂಢಿಗೆ ಬಂತು. ಗಂಟೆಗೆ ಲೆಕ್ಕ ಹಾಕಿ: 6075 ಅಡಿ. ಇಂದಿನ ನಾವಿಕ ಮೈಲಿ 1852 ಮೀಟರ್, ಅಂದರೆ ಸುಮಾರು 6076 ಅಡಿ!

ಆದರೆ ಹಲಗೆ ನೀರಿನ ಜೊತೆಗೇ ಸಾಗುತ್ತದೆ. ಎದುರಿನಿಂದ ಎರಡು ನಾಟ್ ಪ್ರವಾಹವಿದ್ದರೆ, ಆರು ಗಂಟು ಎಣಿಸಿದ ಹಡಗು ದಡದ ಲೆಕ್ಕದಲ್ಲಿ ನಾಲ್ಕೇ ನಾಟ್ ಸಾಗುತ್ತದೆ. ವಿಮಾನಕ್ಕೂ ಹೀಗೆಯೇ: ಗಾಳಿಯಲ್ಲಿ 100 ನಾಟ್ ವೇಗವಿದ್ದರೂ, 30 ನಾಟ್ ಎದುರುಗಾಳಿಯಲ್ಲಿ ನೆಲದ ಮೇಲೆ ದಕ್ಕುವುದು 70 ಮಾತ್ರ.